ಟಿಕೆಟ್‌ನ ಗಡುವು: ಎಣಿಕೆ ಹೇಗೆ, ಮೀರಿದ್ದು ಗೊತ್ತಾಗುವುದು ಹೇಗೆ, ಯಾರಿಗೆ ಹೇಳಬೇಕು – ಪದೇ ಪದೇ ಕೇಳುವ ಪ್ರಶ್ನೆಗಳು

ಕಚೇರಿಯ ಐಟಿ ಸಹಾಯ ಕೇಂದ್ರದಲ್ಲಿ ಟಿಕೆಟ್ ನೋಡುವವರು, ತಂಡ ನಡೆಸುವವರು ಮತ್ತು ಟಿಕೆಟ್ ತಂತ್ರಾಂಶವನ್ನು ಹೊಂದಿಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಎಲ್ಲ ಉತ್ತರಗಳಿಗೂ ಒಂದೇ ಕಚೇರಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಬೆಂಗಳೂರಿನಲ್ಲಿರುವ ಆ ಕಚೇರಿಯ ಕೆಲಸದ ವೇಳೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9:30ರಿಂದ ಸಂಜೆ 6:30. ಅಂದರೆ ದಿನಕ್ಕೆ 9 ಗಂಟೆ.

ಎಸ್‌ಎಲ್‌ಎ ಗುರಿ ಎಂದರೆ ಒಂದೇ ಗಡುವೇ?

ಅಲ್ಲ. ಎಸ್‌ಎಲ್‌ಎ ಎಂದರೆ ಇಷ್ಟು ಹೊತ್ತಿನೊಳಗೆ ಸೇವೆ ಕೊಡುತ್ತೇವೆ ಎಂದು ಬಳಕೆದಾರರಿಗೆ ಕೊಟ್ಟ ಮಾತು. ಅದರಲ್ಲಿ ಪ್ರತಿ ಟಿಕೆಟ್‌ಗೂ ಕನಿಷ್ಠ ಎರಡು ಗಡುವುಗಳಿರುತ್ತವೆ. ಒಂದು, ಮೊದಲ ಪ್ರತಿಕ್ರಿಯೆಯದು. ಇನ್ನೊಂದು, ಸಮಸ್ಯೆ ಬಗೆಹರಿಸುವುದರದು. ಎರಡಕ್ಕೂ ಬೇರೆ ಬೇರೆ ಗಡಿಯಾರ ಓಡುತ್ತದೆ. ಮೊದಲನೆಯದು ನಿಂತರೂ ಎರಡನೆಯದು ಓಡುತ್ತಲೇ ಇರುತ್ತದೆ.

ನಮ್ಮ ಉದಾಹರಣೆಯ ಕಚೇರಿಯಲ್ಲಿ ಹೀಗಿದೆ ಎಂದುಕೊಳ್ಳಿ. ಎಲ್ಲರ ಕೆಲಸ ನಿಂತುಹೋಗುವ ಪಿ1 ಟಿಕೆಟ್‌ಗೆ 15 ನಿಮಿಷದಲ್ಲಿ ಪ್ರತಿಕ್ರಿಯೆ, 4 ಗಂಟೆಯಲ್ಲಿ ಪರಿಹಾರ. ಇದು ಹಗಲು ರಾತ್ರಿ ಎನ್ನದೆ ಓಡುವ ಲೆಕ್ಕ. ಕೆಲವರ ಮುಖ್ಯ ಕೆಲಸ ನಿಲ್ಲುವ ಪಿ2ಗೆ 1 ಗಂಟೆ ಮತ್ತು 8 ಗಂಟೆ. ತೊಂದರೆ ಇದ್ದರೂ ಕೆಲಸ ಸಾಗುವಂಥ ಪಿ3ಗೆ 4 ಗಂಟೆ ಮತ್ತು 27 ಗಂಟೆ. ಪಿ2 ಮತ್ತು ಪಿ3 ಎಣಿಕೆ ಕಚೇರಿ ವೇಳೆಯಲ್ಲಿ ಮಾತ್ರ.

“ನಿಮ್ಮ ಟಿಕೆಟ್ ತಲುಪಿದೆ” ಎಂದು ತಂತ್ರಾಂಶ ತಾನಾಗಿ ಕಳಿಸುವ ಇಮೇಲ್ ಅನ್ನು ಪ್ರತಿಕ್ರಿಯೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಹಿಡಿದರೆ ಮೊದಲ ಗಡುವು ಯಾವತ್ತೂ ಮೀರುವುದಿಲ್ಲ, ಆದರೆ ಟಿಕೆಟನ್ನು ಯಾರಾದರೂ ಓದಿದರೋ ಇಲ್ಲವೋ ಎಂಬುದೂ ಗೊತ್ತಾಗುವುದಿಲ್ಲ. ಒಬ್ಬ ಮನುಷ್ಯ ಓದಿ, ಟಿಕೆಟ್ ಹಾಕಿದವರಿಗೆ ಕಾಣುವಂತೆ ಬರೆದ ಮಾತೇ ಪ್ರತಿಕ್ರಿಯೆ.

27 ಗಂಟೆ ಎಂಬ ವಿಚಿತ್ರ ಸಂಖ್ಯೆ ಯಾಕೆ? 3 ದಿನ ಎಂದರೆ ಸಾಲದೇ?

ಮಾತಿನಲ್ಲಿ ಸಾಕು, ತಂತ್ರಾಂಶದಲ್ಲಿ ಸಾಲದು. ಮೂರು ಕೆಲಸದ ದಿನ ಎಂದರೆ ಈ ಕಚೇರಿಯಲ್ಲಿ 27 ಗಂಟೆ. ಹೊಂದಿಸುವವರು ಮೂರು ದಿನಕ್ಕೆ 72 ಗಂಟೆ ಎಂದು ತುಂಬಿಬಿಟ್ಟರೆ, ಕಚೇರಿ ವೇಳೆಯ ಕ್ಯಾಲೆಂಡರಿನಲ್ಲಿ ಅದು 8 ಕೆಲಸದ ದಿನವಾಗುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ, ವರದಿಯಲ್ಲಿ ಎಲ್ಲವೂ ಹಸಿರು, ಬಳಕೆದಾರರು ಮಾತ್ರ ಸಿಟ್ಟಾಗಿರುತ್ತಾರೆ. ಹಾಗಾಗಿ ಗುರಿಯನ್ನು ಯಾವಾಗಲೂ ಗಂಟೆಯಲ್ಲೇ ತುಂಬಿ. ಆಮೇಲೆ ಒಂದು ಪರೀಕ್ಷಾ ಟಿಕೆಟ್ ಹಾಕಿ, ತಂತ್ರಾಂಶ ತೋರಿಸುವ ಗಡುವಿನ ದಿನಾಂಕವನ್ನು ಕೈಲೆಕ್ಕದ ಜೊತೆ ಹೋಲಿಸಿ ನೋಡಿ.

ಗುರಿಯ ಸಂಖ್ಯೆಯನ್ನು ಯಾವ ಆಧಾರದ ಮೇಲೆ ನಿಗದಿ ಮಾಡಬೇಕು?

ನಿಮ್ಮದೇ ಹಿಂದಿನ ಮೂರು ತಿಂಗಳ ಟಿಕೆಟ್‌ಗಳಿಂದ. ಆದರೆ ಸರಾಸರಿ ತೆಗೆಯಬೇಡಿ. ಹತ್ತು ಟಿಕೆಟ್‌ಗಳಲ್ಲಿ ಒಂಬತ್ತು ತಲಾ 3 ಗಂಟೆಯಲ್ಲಿ ಮುಗಿದು, ಒಂದು 60 ಗಂಟೆ ಎಳೆದಿದ್ದರೆ ಸರಾಸರಿ 8.7 ಗಂಟೆ ಬರುತ್ತದೆ. ಆ ಹತ್ತರಲ್ಲಿ ಒಂದು ಟಿಕೆಟ್ ಕೂಡ 8.7 ಗಂಟೆಯ ಹತ್ತಿರ ಸುಳಿದಿಲ್ಲ. ಬದಲಿಗೆ ಟಿಕೆಟ್‌ಗಳನ್ನು ತೆಗೆದುಕೊಂಡ ಸಮಯದ ಪ್ರಕಾರ ಸಾಲಾಗಿ ಇಟ್ಟು, ನೂರರಲ್ಲಿ ತೊಂಬತ್ತು ಎಷ್ಟು ಹೊತ್ತಿನೊಳಗೆ ಮುಗಿದಿವೆ ಎಂದು ನೋಡಿ. ಅದು ನಿಮ್ಮ ತಂಡಕ್ಕೆ ಇವತ್ತು ನಿಜಕ್ಕೂ ಸಾಧ್ಯವಿರುವ ಗುರಿ. ಅದಕ್ಕಿಂತ ಬಿಗಿಯಾದ ಗುರಿ ಬೇಕೆಂದರೆ ಜನರನ್ನೋ ಉಪಕರಣವನ್ನೋ ಸೇರಿಸಬೇಕು. ಕಾಗದದ ಮೇಲೆ ಸಂಖ್ಯೆ ಇಳಿಸಿದರೆ ಕೆಲಸ ಬೇಗ ಆಗುವುದಿಲ್ಲ, ಗಡಿಯಾರ ನಿಲ್ಲಿಸುವ ಚಟ ಮಾತ್ರ ಬೆಳೆಯುತ್ತದೆ.

ಒಂದು ಟಿಕೆಟ್‌ನ ಗಡುವನ್ನು ಪೂರ್ತಿ ಲೆಕ್ಕ ಹಾಕಿ ತೋರಿಸುತ್ತೀರಾ?

2025ರ ಸೆಪ್ಟೆಂಬರ್ 30, ಮಂಗಳವಾರ. ಸಂಜೆ 4:30ಕ್ಕೆ ಲೆಕ್ಕಪತ್ರ ವಿಭಾಗದಿಂದ ಟಿಕೆಟ್ ಬರುತ್ತದೆ: “ಹೊಸ ಲ್ಯಾಪ್‌ಟಾಪ್‌ಗಳಲ್ಲಿ ವಿಪಿಎನ್ ಹತ್ತುತ್ತಿಲ್ಲ, ಸಂಬಳದ ಫೈಲ್ ತೆರೆಯಲು ಆಗುತ್ತಿಲ್ಲ.” ಇಬ್ಬರ ಕೆಲಸ ನಿಂತಿದೆ, ಆದ್ದರಿಂದ ಪಿ2. ಗುರಿ 8 ಗಂಟೆ.

ಮಂಗಳವಾರ 4:30ರಿಂದ 6:30ರವರೆಗೆ 2 ಗಂಟೆ ಕಳೆಯಿತು. ಅಕ್ಟೋಬರ್ 1 ಬುಧವಾರ ಆಯುಧಪೂಜೆ. ಅಕ್ಟೋಬರ್ 2 ಗುರುವಾರ ವಿಜಯದಶಮಿ ಮತ್ತು ಗಾಂಧಿ ಜಯಂತಿ. ಎರಡೂ ದಿನ ಕಚೇರಿಗೆ ರಜೆ, ಗಡಿಯಾರ ನಿಂತಿರುತ್ತದೆ. ಉಳಿದ 6 ಗಂಟೆ ಶುಕ್ರವಾರ ಬೆಳಿಗ್ಗೆ 9:30ಕ್ಕೆ ಶುರುವಾಗುತ್ತದೆ. ಹಾಗಾಗಿ ಗಡುವು ಅಕ್ಟೋಬರ್ 3, ಶುಕ್ರವಾರ ಮಧ್ಯಾಹ್ನ 3:30.

ಶುಕ್ರವಾರ 10:15ಕ್ಕೆ ಎಂಜಿನಿಯರ್ “ಯಾವ ದೋಷ ಸಂದೇಶ ಬರುತ್ತಿದೆ? ಸ್ಕ್ರೀನ್‌ಶಾಟ್ ಕಳಿಸಿ ಮೇಡಂ” ಎಂದು ಕೇಳಿ, ಟಿಕೆಟನ್ನು “ಬಳಕೆದಾರರ ಉತ್ತರಕ್ಕೆ ಕಾಯುತ್ತಿದೆ” ಎಂಬ ಸ್ಥಿತಿಗೆ ಹಾಕುತ್ತಾರೆ. ಆ ಹೊತ್ತಿಗೆ ಕಳೆದದ್ದು 2 ಗಂಟೆ 45 ನಿಮಿಷ. ಮಧ್ಯಾಹ್ನ 12:00ಕ್ಕೆ ಸ್ಕ್ರೀನ್‌ಶಾಟ್ ಬರುತ್ತದೆ, ಗಡಿಯಾರ ಮತ್ತೆ ಓಡುತ್ತದೆ. ಉಳಿದ 5 ಗಂಟೆ 15 ನಿಮಿಷವನ್ನು ಕೂಡಿಸಿದರೆ ಹೊಸ ಗಡುವು ಅದೇ ದಿನ ಸಂಜೆ 5:15. ಗುರಿಯ ನೂರಕ್ಕೆ 75 ಭಾಗ, ಅಂದರೆ 6 ಗಂಟೆ ಮುಗಿಯುವುದು 3:15ಕ್ಕೆ. ತಂಡದ ಮುಖ್ಯಸ್ಥರಿಗೆ ಎಚ್ಚರಿಕೆ ಹೋಗಬೇಕಾದ್ದು ಆಗ.

ಇಲ್ಲಿ ಬಹಳ ಕಡೆ ಆಗುವ ಎಡವಟ್ಟು ಒಂದಿದೆ. ಬಳಕೆದಾರರು ಸ್ಕ್ರೀನ್‌ಶಾಟನ್ನು ಟಿಕೆಟ್‌ಗೆ ಹಾಕದೆ ಎಂಜಿನಿಯರ್ ಅವರ ವೈಯಕ್ತಿಕ ಇಮೇಲ್‌ಗೋ ವಾಟ್ಸಾಪ್‌ಗೋ ಕಳಿಸುತ್ತಾರೆ. ಟಿಕೆಟ್ ಮಾತ್ರ “ಕಾಯುತ್ತಿದೆ” ಎಂದೇ ಉಳಿಯುತ್ತದೆ. ಸಂಜೆ 4:00ಕ್ಕೆ ಯಾರೋ ಗಮನಿಸಿ ಸ್ಥಿತಿ ಬದಲಿಸಿದರೆ, ಉಳಿದ 5 ಗಂಟೆ 15 ನಿಮಿಷದಲ್ಲಿ ಶುಕ್ರವಾರಕ್ಕೆ ದಕ್ಕುವುದು 2:30 ಗಂಟೆ ಮಾತ್ರ. ಮಿಕ್ಕಿದ 2:45 ಗಂಟೆ ಸೋಮವಾರಕ್ಕೆ ಜಾರಿ, ಗಡುವು ಅಕ್ಟೋಬರ್ 6ರ ಮಧ್ಯಾಹ್ನ 12:15 ಆಗುತ್ತದೆ. ತಂತ್ರಾಂಶದ ಕಣ್ಣಿಗೆ ಗಡುವು ಮೀರಿಲ್ಲ. ಸಂಬಳ ಕಾಯುತ್ತಿರುವವರ ಕಣ್ಣಿಗೆ ವಾರಾಂತ್ಯವೇ ಹೋಯಿತು.

ಹಾಗಾದರೆ ಗಡಿಯಾರ ನಿಲ್ಲಿಸಲು ಅನುಮತಿ ಕೊಡಲೇಬಾರದೇ?

ಕೊಡಬೇಕು. ಉತ್ತರ ಬಾರದೆ ಕೆಲಸ ಮುಂದುವರಿಸಲಾಗದಿದ್ದಾಗ ಆ ಸಮಯವನ್ನು ತಂಡದ ಲೆಕ್ಕಕ್ಕೆ ಹಾಕುವುದು ಅನ್ಯಾಯ. ಆದರೆ ಷರತ್ತು ಬೇಕು. ಬಳಕೆದಾರರಿಗೆ ಕಾಣುವಂಥ ಒಂದು ಪ್ರಶ್ನೆ ಬರೆದ ಮೇಲೆಯೇ ಆ ಸ್ಥಿತಿ ಆಯ್ಕೆಗೆ ಸಿಗುವಂತೆ ಮಾಡಿ. ಉತ್ತರ ಟಿಕೆಟ್‌ಗೆ ಬಂದ ಕ್ಷಣ ತಾನಾಗಿಯೇ ಮತ್ತೆ ಓಡುವಂತೆ ಹೊಂದಿಸಿ. ಮನುಷ್ಯರು ಸ್ಥಿತಿ ಬದಲಿಸಲಿ ಎಂದು ಕಾಯಬೇಡಿ. ಎರಡು ಕೆಲಸದ ದಿನ ಉತ್ತರ ಬಾರದಿದ್ದರೆ ಒಂದು ನೆನಪೋಲೆ ಹೋಗಲಿ, ಐದು ದಿನವಾದರೆ ತಿಳಿಸಿ ಮುಚ್ಚಲಿ.

ಹೊರಗಿನ ಮಾರಾಟಗಾರರ ಬಿಡಿಭಾಗಕ್ಕೆ ಕಾಯುವಾಗ ನಿಲ್ಲಿಸಬಹುದೇ ಎಂದು ಕೆಲವರು ಕೇಳುತ್ತಾರೆ. ನಮ್ಮ ಅಭಿಪ್ರಾಯ, ಬೇಡ. ಬಳಕೆದಾರರಿಗೆ ನೀವು ಮಾತು ಕೊಟ್ಟಿದ್ದೀರಿ, ಮಾರಾಟಗಾರರು ನಿಮಗೆ ಮಾತು ಕೊಟ್ಟಿದ್ದಾರೆ, ಎರಡೂ ಬೇರೆ. ಮಾರಾಟಗಾರರಿಗಾಗಿ ಕಾದ ಸಮಯವನ್ನು ಪ್ರತ್ಯೇಕ ಗಡಿಯಾರದಲ್ಲಿ ಎಣಿಸಿ. ವರ್ಷದ ಕೊನೆಗೆ ಒಪ್ಪಂದ ನವೀಕರಿಸುವಾಗ ಮೇಜಿನ ಮೇಲೆ ಇಡಲು ಆ ಎಣಿಕೆಯೇ ಬೇಕಾಗುತ್ತದೆ.

ನಡುವೆ ಆದ್ಯತೆ ಬದಲಾದರೆ ಗಡುವು ಏನಾಗುತ್ತದೆ?

ಪಿ3 ಎಂದು ಬಂದ ಟಿಕೆಟ್‌ನಲ್ಲಿ 9 ಗಂಟೆ ಕಳೆದಿದೆ, ಈಗ ಅದನ್ನು ಪಿ2 ಮಾಡಿದಿರಿ. ಕಳೆದ 9 ಗಂಟೆಯನ್ನು ಉಳಿಸಿಕೊಳ್ಳುವಂತೆ ಹೊಂದಿಸಿದ್ದರೆ, 8 ಗಂಟೆಯ ಗುರಿ ಬದಲಾಯಿಸಿದ ಕ್ಷಣವೇ ಮೀರಿಹೋಗಿರುತ್ತದೆ. ಇದು ತಪ್ಪೇ ಎಂಬುದು ಕಾರಣದ ಮೇಲಿದೆ. ಮೊದಲೇ ಪಿ2 ಆಗಬೇಕಿದ್ದದ್ದನ್ನು ನೀವು ಪಿ3 ಎಂದು ಗುರುತಿಸಿದ್ದರೆ, ಮೀರಿದ್ದು ನಿಜ, ಹಾಗೆಯೇ ದಾಖಲಾಗಲಿ. ನಿನ್ನೆ ಒಬ್ಬರಿಗಿದ್ದ ತೊಂದರೆ ಇವತ್ತು ಇಡೀ ವಿಭಾಗಕ್ಕೆ ಹರಡಿದ್ದರೆ, ಹೊಸ ಗುರಿ ಬದಲಾಯಿಸಿದ ಹೊತ್ತಿನಿಂದ ಎಣಿಕೆಯಾಗಲಿ. ಎರಡರಲ್ಲಿ ಯಾವುದು ಎಂದು ಆದ್ಯತೆ ಬದಲಿಸುವವರು ಆಯ್ಕೆ ಮಾಡಲೇಬೇಕಾದ ಒಂದು ಖಾನೆ ಇಟ್ಟರೆ ಸಾಕು.

ಗಡುವು ಮೀರಿದ್ದನ್ನು ತಂತ್ರಾಂಶ ಹೇಗೆ ಕಂಡುಹಿಡಿಯುತ್ತದೆ?

ಎರಡು ದಾರಿಗಳಿವೆ. ಟಿಕೆಟ್‌ನಲ್ಲಿ ಏನಾದರೂ ಬದಲಾದಾಗ, ಅಂದರೆ ಯಾರೋ ಟಿಪ್ಪಣಿ ಬರೆದಾಗ ಅಥವಾ ಸ್ಥಿತಿ ಬದಲಾದಾಗ, ಗಡುವನ್ನು ಪರಿಶೀಲಿಸುವುದು ಒಂದು. ಇಷ್ಟಿಷ್ಟು ನಿಮಿಷಕ್ಕೊಮ್ಮೆ ಎಲ್ಲ ತೆರೆದ ಟಿಕೆಟ್‌ಗಳನ್ನೂ ಜಾಲಾಡುವುದು ಇನ್ನೊಂದು. ಮೊದಲನೆಯದನ್ನು ಮಾತ್ರ ನೆಚ್ಚಿಕೊಂಡರೆ ಕೆಟ್ಟಿತು. ಯಾರೂ ಮುಟ್ಟದ ಟಿಕೆಟ್ಟೇ ಗಡುವು ಮೀರುವುದು, ಮತ್ತು ಯಾರೂ ಮುಟ್ಟದ ಟಿಕೆಟ್‌ನಲ್ಲಿ ಯಾವ ಬದಲಾವಣೆಯೂ ಆಗುವುದಿಲ್ಲ. ಹಾಗಾಗಿ ಪರಿಶೀಲನೆ ಚಾಲೂ ಆಗುವುದೇ ಇಲ್ಲ. ಸಮಯಕ್ಕೆ ಸರಿಯಾಗಿ ಜಾಲಾಡುವ ಕೆಲಸ ಬೇಕೇ ಬೇಕು.

ಎಚ್ಚರಿಕೆಯ ಸಮಯ ಮತ್ತು ಗಡುವು ಎರಡನ್ನೂ ಟಿಕೆಟ್ ಬಂದಾಗಲೇ ಕ್ಯಾಲೆಂಡರಿನ ಪ್ರಕಾರ ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಿ. ಗಡಿಯಾರ ನಿಂತು ಮತ್ತೆ ಓಡಿದಾಗಲೆಲ್ಲ ಎರಡನ್ನೂ ತಿದ್ದಿ. ಆಗ ಜಾಲಾಡುವ ಪ್ರಶ್ನೆ ಸರಳವಾಗಿರುತ್ತದೆ:

```sql
SELECT c.id, c.ticket_id, c.due_at
FROM sla_clock c
WHERE c.stopped_at IS NULL
  AND c.paused_at IS NULL
  AND c.warn_at <= now()
  AND NOT EXISTS (
    SELECT 1 FROM sla_alert a
    WHERE a.clock_id = c.id
      AND a.level = 'warn'
      AND a.due_at = c.due_at
  );
```

ಕೊನೆಯ ಭಾಗ ಮುಖ್ಯ. ಒಮ್ಮೆ ಕಳಿಸಿದ ಎಚ್ಚರಿಕೆ ಮತ್ತೆ ಹೋಗದಂತೆ ಅದು ತಡೆಯುತ್ತದೆ. ಗಡುವಿನ ಸಮಯವನ್ನೂ ಜೊತೆಗೆ ಹೋಲಿಸುವುದರಿಂದ, ಗಡಿಯಾರ ನಿಂತು ಗಡುವು ಮುಂದೆ ಹೋದಾಗ ಹೊಸ ಗಡುವಿಗೆ ಹೊಸ ಎಚ್ಚರಿಕೆ ಹೋಗುತ್ತದೆ. ಈ ಭಾಗವಿಲ್ಲದ ಕಡೆ ಒಂದೇ ಟಿಕೆಟ್‌ಗೆ ನಿಮಿಷಕ್ಕೊಂದು ಇಮೇಲ್ ಬರುತ್ತದೆ. ಎರಡನೇ ವಾರಕ್ಕೆ ಎಲ್ಲರೂ ಅವನ್ನು ಬೇರೆ ಫೋಲ್ಡರ್‌ಗೆ ತಳ್ಳುವ ನಿಯಮ ಬರೆದುಕೊಂಡಿರುತ್ತಾರೆ.

“ಗಡುವಿಗೆ 30 ನಿಮಿಷ ಮೊದಲು” ಎಂದು `due_at`ನಿಂದ ನೇರವಾಗಿ ಕಳೆಯಬೇಡಿ. ಗಡುವು ಬೆಳಿಗ್ಗೆ 9:45 ಆಗಿದ್ದರೆ ಎಚ್ಚರಿಕೆ 9:15ಕ್ಕೆ, ಕಚೇರಿ ಬಾಗಿಲು ತೆರೆಯುವ ಮುಂಚೆಯೇ ಬಂದು ಕೂತಿರುತ್ತದೆ. ಕ್ಯಾಲೆಂಡರಿನ ಪ್ರಕಾರ ಹಿಂದೆ ಎಣಿಸಿದರೆ ಅದು ಹಿಂದಿನ ಕೆಲಸದ ದಿನ ಸಂಜೆ 6:15ಕ್ಕೆ ಬರುತ್ತದೆ. ಆಗ ಏನಾದರೂ ಮಾಡಲು ಜನ ಇರುತ್ತಾರೆ.

ಎಷ್ಟು ನಿಮಿಷಕ್ಕೊಮ್ಮೆ ಜಾಲಾಡಬೇಕು?

ಅತಿ ಚಿಕ್ಕ ಗುರಿಯನ್ನು ನೋಡಿ. ಪಿ1ರ ಪ್ರತಿಕ್ರಿಯೆಗೆ 15 ನಿಮಿಷ. ಅದರ 75 ಭಾಗ 11 ನಿಮಿಷ 15 ಸೆಕೆಂಡಿಗೆ ಮುಗಿಯುತ್ತದೆ, ಗಡುವಿಗೆ ಉಳಿಯುವುದು 3 ನಿಮಿಷ 45 ಸೆಕೆಂಡು. ಐದು ನಿಮಿಷಕ್ಕೊಮ್ಮೆ ಜಾಲಾಡಿದರೆ ಕೆಲವೊಮ್ಮೆ ಎಚ್ಚರಿಕೆಯೇ ಗಡುವು ಮೀರಿದ ಮೇಲೆ ಬರುತ್ತದೆ. ಇಲ್ಲಿ ನಿಮಿಷಕ್ಕೊಮ್ಮೆ ನೋಡುವುದು ಸರಿ. ಪಿ3ಗಾಗಿ ಹದಿನೈದು ನಿಮಿಷಕ್ಕೊಮ್ಮೆ ನೋಡಿದರೂ ನಷ್ಟವಿಲ್ಲ.

ಜಿರಾ ಸರ್ವಿಸ್ ಮ್ಯಾನೇಜ್‌ಮೆಂಟ್ ಬಳಸುತ್ತೇವೆ. ಅಲ್ಲಿ ನೋಡುವುದು ಹೇಗೆ?

ಎರಡು ಗಂಟೆಗಿಂತ ಕಡಿಮೆ ಉಳಿದಿರುವವು, ಮೀರಿದವು ಮತ್ತು ಯಾವಾಗಲಾದರೂ ಒಮ್ಮೆ ಮೀರಿದವು ಹೀಗೆ ಸಿಗುತ್ತವೆ:

```
"Time to resolution" < remaining("2h")
"Time to resolution" = breached()
"Time to resolution" = everBreached()
```

ಕೊನೆಯ ಎರಡರ ನಡುವಿನ ವ್ಯತ್ಯಾಸ ತಿಳಿದಿರಲಿ. ಟಿಕೆಟನ್ನು ಮುಚ್ಚಿ ಮತ್ತೆ ತೆರೆದಾಗ ಗಡಿಯಾರದ ಹೊಸ ಸುತ್ತು ಶುರುವಾಗುವಂತೆ ಹೊಂದಿಸಿದ್ದರೆ, `breached()` ಇತ್ತೀಚಿನ ಸುತ್ತನ್ನಷ್ಟೇ ನೋಡುತ್ತದೆ. ಮೊದಲ ಸುತ್ತಿನಲ್ಲಿ ಮೀರಿದ್ದು `everBreached()`ನಲ್ಲಿ ಮಾತ್ರ ಕಾಣುತ್ತದೆ. ತಿಂಗಳ ವರದಿಗೆ ಎರಡನೆಯದನ್ನೇ ಬಳಸಿ.

ರಾತ್ರಿ ಹೊತ್ತಿನಲ್ಲಿ, ರಜಾದಿನಗಳಲ್ಲಿ ಗಡುವು ಮೀರಿದ ಎಚ್ಚರಿಕೆ ಬರುತ್ತಿದೆ. ಏನು ತಪ್ಪಿದೆ?

ಕಚೇರಿ ವೇಳೆಯಲ್ಲಿ ಮಾತ್ರ ಓಡಬೇಕಾದ ಗಡಿಯಾರ ರಾತ್ರಿಯೂ ಓಡುತ್ತಿದ್ದರೆ ಮೊದಲು ಸಮಯವಲಯ ನೋಡಿ. ಸರ್ವರ್‌ಗಳು ಸಮಯವನ್ನು ಯುಟಿಸಿಯಲ್ಲಿ ಉಳಿಸುವುದು ವಾಡಿಕೆ, ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕ್ಯಾಲೆಂಡರಿನಲ್ಲಿ 9:30ರಿಂದ 6:30 ಎಂದು ಬರೆದು ವಲಯವನ್ನು ಯುಟಿಸಿ ಎಂದೇ ಬಿಟ್ಟರೆ, ಗಡಿಯಾರ ನಮ್ಮ ಮಧ್ಯಾಹ್ನ 3ಕ್ಕೆ ಶುರುವಾಗಿ ನಡುರಾತ್ರಿ 12ಕ್ಕೆ ನಿಲ್ಲುತ್ತದೆ. ಗುರುತು ಹಿಡಿಯುವುದು ಸುಲಭ: ಮೀರಿದ ಟಿಕೆಟ್‌ಗಳನ್ನು ಮೀರಿದ ಗಂಟೆಯ ಪ್ರಕಾರ ಎಣಿಸಿ. ಬೆಳಿಗ್ಗೆ ಒಂದೂ ಇಲ್ಲದೆ ಸಂಜೆ ಏಳರಿಂದ ಹನ್ನೆರಡರ ನಡುವೆ ಹಲವು ಇದ್ದರೆ ಇದೇ ಕಾರಣ. ವಲಯದ ಹೆಸರನ್ನು `Asia/Kolkata` ಎಂದು ಸ್ಪಷ್ಟವಾಗಿ ಕೊಡಿ. ಲಂಡನ್ನಿನ ತಂಡಕ್ಕೆ ಪ್ರತ್ಯೇಕ ಕ್ಯಾಲೆಂಡರ್ ಇರಲಿ. ಅಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಸರಿಯುತ್ತದೆ, ನಮ್ಮಲ್ಲಿ ಹಾಗಿಲ್ಲ.

ರಜಾದಿನದ ಎಚ್ಚರಿಕೆಗೆ ಕಾರಣ ಸಾಮಾನ್ಯವಾಗಿ ರಜೆಪಟ್ಟಿ ತುಂಬದಿರುವುದು. ನವೆಂಬರ್ 1ರ ರಾಜ್ಯೋತ್ಸವದಂಥ ದಿನಾಂಕಗಳು ಪ್ರತಿ ವರ್ಷ ಒಂದೇ. ಯುಗಾದಿ, ಗಣೇಶನ ಹಬ್ಬ, ಆಯುಧಪೂಜೆ, ದೀಪಾವಳಿ ಪ್ರತಿ ವರ್ಷ ಬೇರೆ. ತಂತ್ರಾಂಶದ ಜೊತೆ ಬರುವ ಭಾರತದ ರಜೆಪಟ್ಟಿಯಲ್ಲಿ ರಾಜ್ಯೋತ್ಸವ ಇರುತ್ತದೆಂದು ನಂಬಬೇಡಿ. ಡಿಸೆಂಬರ್‌ನಲ್ಲಿ ಮುಂದಿನ ವರ್ಷದ ಪಟ್ಟಿ ತುಂಬುವುದು ಒಬ್ಬರ ಹೆಸರಿಗೆ ಬರೆದ ಕೆಲಸವಾಗಿರಲಿ. ಮೇಲಿನ ವಿಪಿಎನ್ ಟಿಕೆಟ್‌ನಲ್ಲಿ ಆಯುಧಪೂಜೆಯನ್ನು ಪಟ್ಟಿಗೆ ಸೇರಿಸದೆ ಬಿಟ್ಟಿದ್ದರೆ, ಆ ಬುಧವಾರ ಮಧ್ಯಾಹ್ನ 3:30ಕ್ಕೇ, ಕಂಪ್ಯೂಟರ್‌ಗಳಿಗೆ ಕುಂಕುಮ ಹಚ್ಚಿ ಬಾಗಿಲು ಹಾಕಿದ ಕಚೇರಿಯಲ್ಲಿ, ಗಡುವು ಮೀರಿದ ದಾಖಲೆ ಬಿದ್ದಿರುತ್ತಿತ್ತು.

ಎಚ್ಚರಿಕೆಯೇ ಬರುತ್ತಿಲ್ಲ. ಎಲ್ಲ ಸರಿಯಿದೆ ಎಂದುಕೊಳ್ಳಬಹುದೇ?

ಇಲ್ಲ. ಜಾಲಾಡುವ ಕೆಲಸವೇ ನಿಂತುಹೋಗಿದ್ದರೂ ಹೊರಗಿನಿಂದ ಹಾಗೆಯೇ ಕಾಣುತ್ತದೆ. ಡೇಟಾಬೇಸ್‌ನ ಪಾಸ್‌ವರ್ಡ್ ಬದಲಾಯಿತು, ಸರ್ವರ್ ಬದಲಿಸುವಾಗ ನಿಗದಿತ ಕೆಲಸಗಳ ಪಟ್ಟಿ ಹಿಂದೆ ಉಳಿಯಿತು, ಇಮೇಲ್ ಕಳಿಸುವ ಖಾತೆ ಬಂದ್ ಆಯಿತು – ಯಾವುದಾದರೂ ಆಗಿರಬಹುದು. ಇದಕ್ಕೆ ಒಂದು ನಂಬಿಕಸ್ಥ ಪರೀಕ್ಷೆ ಇದೆ. ಪ್ರತಿ ಕೆಲಸದ ದಿನ ಬೆಳಿಗ್ಗೆ 9:30ಕ್ಕೆ ಐದು ನಿಮಿಷದ ಗುರಿಯಿರುವ ಒಂದು ಪರೀಕ್ಷಾ ಟಿಕೆಟ್ ತಾನಾಗಿ ಹುಟ್ಟಲಿ, ಅದನ್ನು ಯಾರೂ ಮುಟ್ಟದಿರಲಿ. 9:40ರೊಳಗೆ ಅದರ ಎಚ್ಚರಿಕೆ ನಿಜವಾದ ಎಚ್ಚರಿಕೆ ಹೋಗುವ ದಾರಿಯಲ್ಲೇ ಬರಬೇಕು. ಬಾರದಿದ್ದರೆ ಬೇರೊಂದು ಸರ್ವರ್‌ನಲ್ಲಿರುವ ಚಿಕ್ಕ ಪ್ರೋಗ್ರಾಂ ತಂಡಕ್ಕೆ ತಿಳಿಸಬೇಕು. ಎರಡೂ ಒಂದೇ ಸರ್ವರ್‌ನಲ್ಲಿದ್ದರೆ ಒಟ್ಟಿಗೇ ಮಲಗುತ್ತವೆ. ಪರೀಕ್ಷಾ ಟಿಕೆಟ್‌ಗಳನ್ನು ವರದಿಯಿಂದ ಹೊರಗಿಡುವುದನ್ನು ಮರೆಯಬೇಡಿ.

ಯಾವ ಹಂತದಲ್ಲಿ ಯಾರಿಗೆ ತಿಳಿಸಬೇಕು?

ಪಿ2ಗೆ ನಾವು ಸೂಚಿಸುವ ಕ್ರಮ ಹೀಗೆ. ಅರ್ಧ ಸಮಯ ಮುಗಿದಾಗ ಟಿಕೆಟ್ ಹಿಡಿದಿರುವ ಎಂಜಿನಿಯರ್‌ಗೆ ಮಾತ್ರ. 75 ಭಾಗಕ್ಕೆ ಅವರಿಗೂ ತಂಡದ ಮುಖ್ಯಸ್ಥರಿಗೂ. ಮೀರಿದಾಗ ಮುಖ್ಯಸ್ಥರಿಗೂ ಸೇವಾ ವ್ಯವಸ್ಥಾಪಕರಿಗೂ. ಮೀರಿದ ಮೇಲೆ ಇನ್ನೂ 4 ಕೆಲಸದ ಗಂಟೆ ಕಳೆದರೆ ಐಟಿ ವಿಭಾಗದ ಮುಖ್ಯಸ್ಥರಿಗೆ. ಪ್ರತಿ ಹಂತದಲ್ಲೂ ಎಲ್ಲರಿಗೂ ಪ್ರತಿ ಕಳಿಸಿದರೆ, ಬೇರೆ ಯಾರೋ ನೋಡಿಕೊಳ್ಳುತ್ತಾರೆ ಎಂದು ಎಲ್ಲರೂ ಸುಮ್ಮನಾಗುತ್ತಾರೆ.

ಮೂರು ತೂತುಗಳನ್ನು ಮೊದಲೇ ಮುಚ್ಚಿ. ಟಿಕೆಟ್ ಇನ್ನೂ ಯಾರ ಹೆಸರಿಗೂ ಬಿದ್ದಿರದಿದ್ದರೆ ಎಚ್ಚರಿಕೆ ಎಲ್ಲಿಗೂ ಹೋಗದೆ ಮಾಯವಾಗುತ್ತದೆ. ಅಂಥದ್ದು ಆ ಪಾಳಿಯ ಮುಖ್ಯಸ್ಥರಿಗೆ ಹೋಗಲಿ. ಹಿಡಿದಿರುವವರು ರಜೆಯಲ್ಲಿದ್ದರೆ, ಅವರ ಬದಲಿಗೆ ಇರುವವರಿಗೆ ಹೋಗಲಿ. ಮುಖ್ಯಸ್ಥರೇ ಟಿಕೆಟ್ ಹಿಡಿದಿದ್ದರೆ 75 ಭಾಗದ ಸೂಚನೆ ಅವರಿಗೇ ಎರಡು ಸಲ ಹೋಗಿ ಮೇಲಿನವರಿಗೆ ತಲುಪುವುದೇ ಇಲ್ಲ. ಆಗ ಒಂದು ಮೆಟ್ಟಿಲು ದಾಟಿ ಕಳಿಸಬೇಕು.

ಪಿ1ಗೆ ಇಮೇಲ್ ಕೆಲಸಕ್ಕೆ ಬಾರದು, ಫೋನ್ ಕರೆಯೇ ಆಗಬೇಕು. ಟಿಕೆಟ್ ಬಂದ ಕೂಡಲೇ ಪಾಳಿಯಲ್ಲಿರುವವರಿಗೆ, 5 ನಿಮಿಷದಲ್ಲಿ “ನೋಡುತ್ತಿದ್ದೇನೆ” ಎಂದು ಒಪ್ಪಿಕೊಳ್ಳದಿದ್ದರೆ ಎರಡನೆಯವರಿಗೆ, 10ನೇ ನಿಮಿಷಕ್ಕೆ ವ್ಯವಸ್ಥಾಪಕರಿಗೆ. 15 ನಿಮಿಷದ ಗಡುವಿನೊಳಗೆ ಮೂವರಿಗೂ ಅವಕಾಶ ಸಿಗುವಂತೆ ಈ ಸಂಖ್ಯೆಗಳನ್ನು ಇಟ್ಟಿದೆ.

ಎಸ್ಕಲೇಟ್ ಮಾಡುವುದೆಂದರೆ ಮೇಲಧಿಕಾರಿಗೆ ದೂರು ಕೊಟ್ಟಂತೆಯೇ?

ಹಾಗೆ ಅಂದುಕೊಳ್ಳುವುದರಿಂದಲೇ ಎಂಜಿನಿಯರ್‌ಗಳು ಕೊನೆಯ ಗಳಿಗೆಯವರೆಗೆ ಬಾಯಿ ಬಿಡುವುದಿಲ್ಲ. ನಿಜಕ್ಕೂ ಎರಡು ಬಗೆ ಇವೆ. ಒಂದು, ಆ ವಿಷಯ ಹೆಚ್ಚು ತಿಳಿದವರ ಕೈಗೆ ಕೊಡುವುದು. ವಿಪಿಎನ್ ಪ್ರಮಾಣಪತ್ರದ ತೊಂದರೆಯನ್ನು ನೆಟ್‌ವರ್ಕ್ ತಂಡಕ್ಕೆ ಕಳಿಸಿದಂತೆ. ಇದಕ್ಕೆ ಗಡುವು ಹತ್ತಿರ ಬರಲಿ ಎಂದು ಕಾಯಬೇಕಿಲ್ಲ. ಪಿ1ರಲ್ಲಿ ಒಂದು ಗಂಟೆಯಾದರೂ ಕಾರಣ ಗೊತ್ತಾಗದಿದ್ದರೆ ಕೊಟ್ಟುಬಿಡಿ. ಇನ್ನೊಂದು, ಅಧಿಕಾರ ಇರುವವರ ಗಮನಕ್ಕೆ ತರುವುದು. ಇನ್ನೊಬ್ಬರನ್ನು ಕೆಲಸಕ್ಕೆ ಹಚ್ಚಲು, ಖರ್ಚಿಗೆ ಒಪ್ಪಿಗೆ ಕೊಡಲು, ಬಳಕೆದಾರರ ವಿಭಾಗದ ಜೊತೆ ಮಾತನಾಡಲು ಅವರು ಬೇಕು. ಎರಡರಲ್ಲಿ ಯಾವುದಾದರೂ ಗಡಿಯಾರ ನಿಲ್ಲುವುದಿಲ್ಲ.

ಎಚ್ಚರಿಕೆಯ ಸಂದೇಶದಲ್ಲಿ ಏನಿರಬೇಕು?

“ಎಸ್‌ಎಲ್‌ಎ ಎಚ್ಚರಿಕೆ: ಟಿಕೆಟ್ 4127” ಎಂದಷ್ಟೇ ಬರೆದರೆ ಓದಿದವರು ಟಿಕೆಟ್ ತೆರೆದು ಹತ್ತು ನಿಮಿಷ ಹುಡುಕಬೇಕು. ನಮ್ಮ ಉದಾಹರಣೆಯಲ್ಲಿ ಶುಕ್ರವಾರ 3:15ಕ್ಕೆ ತಂಡದ ಮುಖ್ಯಸ್ಥರಿಗೆ ಹೋಗಬೇಕಾದ ಸಂದೇಶ ಇಂಥದ್ದು:

“ಟಿಕೆಟ್ 4127, ಪಿ2. ಗಡುವು ಇವತ್ತು ಸಂಜೆ 5:15, ಇನ್ನು 2 ಗಂಟೆ ಇದೆ. ಲೆಕ್ಕಪತ್ರ ವಿಭಾಗದ ಇಬ್ಬರಿಗೆ ವಿಪಿಎನ್ ಇಲ್ಲ, ಸಂಬಳದ ಕೆಲಸ ನಿಂತಿದೆ. ಕೊನೆಯ ಟಿಪ್ಪಣಿ 12:40: ಲ್ಯಾಪ್‌ಟಾಪ್‌ಗಳಲ್ಲಿ ಪ್ರಮಾಣಪತ್ರ ಇಲ್ಲ, ನೆಟ್‌ವರ್ಕ್ ತಂಡವನ್ನು ಕೇಳಿದೆ. ನೀವು ತೀರ್ಮಾನಿಸಬೇಕಾದ್ದು: ನೆಟ್‌ವರ್ಕ್ ತಂಡದಿಂದ ಈಗಲೇ ಒಬ್ಬರನ್ನು ಕರೆಯುವುದೇ, ಅಥವಾ ಹಳೆಯ ಲ್ಯಾಪ್‌ಟಾಪ್‌ಗಳನ್ನು ತಾತ್ಕಾಲಿಕವಾಗಿ ವಾಪಸ್ ಕೊಡುವುದೇ?”

ಕೊನೆಯ ಪ್ರಶ್ನೆಯನ್ನು ತಂತ್ರಾಂಶ ಬರೆಯಲಾರದು. ಅರ್ಧ ಸಮಯದ ಎಚ್ಚರಿಕೆ ಬಂದಾಗ ಎಂಜಿನಿಯರ್ “ಮುಂದೆ ಏನು ಬೇಕು” ಎಂಬ ಖಾನೆಯಲ್ಲಿ ಒಂದು ಸಾಲು ಬರೆಯಬೇಕು ಎಂಬ ನಿಯಮವಿದ್ದರೆ, 75 ಭಾಗದ ಸಂದೇಶಕ್ಕೆ ಅದೇ ಬಂದು ಸೇರುತ್ತದೆ. ಇಲ್ಲಿ ಹಳೆಯ ಲ್ಯಾಪ್‌ಟಾಪ್ ಕೊಟ್ಟು ಕೆಲಸ ಶುರುವಾದರೆ ಈ ಟಿಕೆಟ್ ಬಗೆಹರಿದಂತೆ. ಹೊಸ ಲ್ಯಾಪ್‌ಟಾಪ್‌ಗಳಿಗೆ ಪ್ರಮಾಣಪತ್ರ ಯಾಕೆ ಹೋಗಲಿಲ್ಲ ಎಂಬುದಕ್ಕೆ ಬೇರೆ ಟಿಕೆಟ್ ತೆರೆಯಿರಿ.

ಗಡುವು ಮೀರುವುದು ಖಚಿತವಾದರೆ ಬಳಕೆದಾರರಿಗೆ ಹೇಳಬೇಕೇ?

ಮೀರುವ ಮೊದಲೇ ಹೇಳಿ, ಜೊತೆಗೆ ಹೊಸ ಸಮಯ ಕೊಡಿ. ಗಡುವನ್ನು ಮಾತ್ರ ತಿದ್ದಬೇಡಿ.

ಲೆಕ್ಕ ಚೆನ್ನಾಗಿ ಕಾಣಲೆಂದು ಯಾರಾದರೂ ಗಡಿಯಾರದ ಜೊತೆ ಆಟವಾಡುತ್ತಿದ್ದರೆ ತಿಳಿಯುವುದು ಹೇಗೆ?

ಟಿಕೆಟ್‌ನ ಇತಿಹಾಸ ಸುಳ್ಳು ಹೇಳುವುದಿಲ್ಲ. ಗಡುವಿಗೆ ಹದಿನೈದು ನಿಮಿಷದೊಳಗೆ ನಿಲ್ಲಿಸಿದ ಗಡಿಯಾರಗಳನ್ನು ಪಟ್ಟಿ ಮಾಡಿ. ಪ್ರಶ್ನೆಯನ್ನೇ ಕೇಳದೆ ಅಥವಾ “ದಯವಿಟ್ಟು ಖಚಿತಪಡಿಸಿ” ಎಂದಷ್ಟೇ ಬರೆದು ನಿಲ್ಲಿಸಿದವು ಅದರಲ್ಲಿ ಎದ್ದು ಕಾಣುತ್ತವೆ. ಮುಚ್ಚಿದ ಮೂರು ದಿನದೊಳಗೆ ಮತ್ತೆ ತೆರೆದವು ಇನ್ನೊಂದು ಪಟ್ಟಿ. ಮೂರು ದಿನದೊಳಗೆ ತೆರೆದರೆ ಹಳೆಯ ಗಡಿಯಾರವೇ ಮುಂದುವರಿಯುವಂತೆ ಹೊಂದಿಸಿದರೆ ಬೇಗ ಮುಚ್ಚುವ ಆಸೆಯೂ ಹೋಗುತ್ತದೆ. ಪಟ್ಟಿ ಹಿಡಿದು ಒಬ್ಬರನ್ನು ಬೈಯುವ ಮೊದಲು ಅವರ ಕೈಯಲ್ಲಿ ಎಷ್ಟು ಟಿಕೆಟ್‌ಗಳಿವೆ ನೋಡಿ. ಹೆಚ್ಚಿನ ಸಲ ಅಲ್ಲೇ ಉತ್ತರ ಇರುತ್ತದೆ.

ವರದಿಯಲ್ಲಿ 95 ಭಾಗ ಸರಿ ಎಂದಿದೆ, ಆದರೂ ದೂರುಗಳು ನಿಲ್ಲುತ್ತಿಲ್ಲ. ಯಾಕೆ?

ಮುಚ್ಚಿದ ಟಿಕೆಟ್‌ಗಳನ್ನು ಮಾತ್ರ ಎಣಿಸಿರಬೇಕು. ತಿಂಗಳಲ್ಲಿ 100 ಟಿಕೆಟ್ ಮುಚ್ಚಿ ಅವುಗಳಲ್ಲಿ 95 ಸಮಯದೊಳಗೆ ಆಗಿದ್ದರೆ 95 ಭಾಗ. ಆದರೆ ಗಡುವು ಮೀರಿ ಇನ್ನೂ ತೆರೆದೇ ಇರುವ 20 ಟಿಕೆಟ್ ಇದ್ದರೆ, ನಿಜವಾದ ಲೆಕ್ಕ 120ಕ್ಕೆ 95, ಅಂದರೆ ಸುಮಾರು 79 ಭಾಗ. ಮೊದಲ ಬಗೆಯ ಎಣಿಕೆಯಲ್ಲಿ ಹಳೆಯ ಟಿಕೆಟನ್ನು ಮುಚ್ಚಿದರೆ ಅಂಕ ಇಳಿಯುತ್ತದೆ, ಹಾಗೇ ಬಿಟ್ಟರೆ ಇಳಿಯುವುದಿಲ್ಲ. ಆದ್ದರಿಂದ ಜನ ಹೊಸದನ್ನೇ ಮುಗಿಸುತ್ತಾರೆ, ಹಳೆಯದು ತಳದಲ್ಲಿ ಉಳಿಯುತ್ತದೆ. ಮೀರಿದ ಟಿಕೆಟನ್ನು ಮೀರಿದ ತಿಂಗಳಿಗೇ ಎಣಿಸಿ, ಮುಚ್ಚಿದ ತಿಂಗಳಿಗಲ್ಲ.

ಸೈಬರ್ ದಾಳಿಯ ಟಿಕೆಟ್‌ಗೂ ಇದೇ ನಿಯಮವೇ?

ಅಲ್ಲ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ, ಅದರಲ್ಲಿ ಪಟ್ಟಿ ಮಾಡಿರುವ ಬಗೆಯ ಸೈಬರ್ ಘಟನೆಗಳನ್ನು ಗಮನಿಸಿದ ಅಥವಾ ಗಮನಕ್ಕೆ ತಂದ 6 ಗಂಟೆಯೊಳಗೆ ವರದಿ ಮಾಡಬೇಕು. ಇದು ಗೋಡೆ ಗಡಿಯಾರದ ಆರು ಗಂಟೆ. ಭಾನುವಾರ, ರಜೆ, ಬಳಕೆದಾರರ ಉತ್ತರಕ್ಕೆ ಕಾಯುವುದು ಯಾವುದಕ್ಕೂ ನಿಲ್ಲುವುದಿಲ್ಲ. ಇಂಥ ಟಿಕೆಟ್‌ಗಳಿಗೆ ನಿಲ್ಲಿಸುವ ಸ್ಥಿತಿಯೇ ಇಲ್ಲದ, ದಿನದ 24 ಗಂಟೆಯ ಕ್ಯಾಲೆಂಡರಿನ ಪ್ರತ್ಯೇಕ ಗಡಿಯಾರ ಮಾಡಿ. ಅದು ಟಿಕೆಟನ್ನು ಭದ್ರತಾ ತಂಡಕ್ಕೆ ವರ್ಗಾಯಿಸಿದ ಹೊತ್ತಿನಿಂದಲ್ಲ, ನಿಮ್ಮಲ್ಲಿ ಯಾರಾದರೂ ಮೊದಲು ಗಮನಿಸಿದ ಹೊತ್ತಿನಿಂದ ಓಡಬೇಕು. ಬಳಕೆದಾರರು ಬೆಳಿಗ್ಗೆ 10ಕ್ಕೆ “ಫೈಲ್‌ಗಳ ಹೆಸರೆಲ್ಲ ಬದಲಾಗಿದೆ” ಎಂದು ಸಾಮಾನ್ಯ ಟಿಕೆಟ್ ಹಾಕಿ, ಅದು ಮಧ್ಯಾಹ್ನ 2ಕ್ಕೆ ಭದ್ರತಾ ತಂಡದ ಕೈಗೆ ಬಂದರೆ, ಅವರಿಗೆ ಉಳಿದಿರುವುದು ಎರಡೇ ಗಂಟೆ ಎಂದು ಹಿಡಿದೇ ಕೆಲಸ ಮಾಡಬೇಕು.